ಬೆಟ್ಟಿಂಗ್ ಕಂಪನಿ ದಿವಾಳಿಯಾದರೆ ಖಾತೆಯಲ್ಲಿರುವ ನಿಮ್ಮ ದುಡ್ಡು ಯಾರದು? ತಿಳಿದುಕೊಳ್ಳುವುದು ಹೇಗೆ

2011ರ ಏಪ್ರಿಲ್ 15, ಶುಕ್ರವಾರ. ಅಮೆರಿಕದ ನ್ಯಾಯ ಇಲಾಖೆ ಮೂರು ದೊಡ್ಡ ಆನ್‌ಲೈನ್ ಪೋಕರ್ ಕಂಪನಿಗಳ ಮೇಲೆ ಒಟ್ಟಿಗೆ ಕೇಸು ಹಾಕಿತು. ಅವುಗಳ ವೆಬ್‌ಸೈಟ್ ವಿಳಾಸಗಳನ್ನೂ ವಶಕ್ಕೆ ತೆಗೆದುಕೊಂಡಿತು. ಅವುಗಳಲ್ಲಿ ಎರಡರ ಹೆಸರು ಪೋಕರ್‌ಸ್ಟಾರ್ಸ್ ಮತ್ತು ಫುಲ್ ಟಿಲ್ಟ್ ಪೋಕರ್. ಎರಡರಲ್ಲೂ ಅಮೆರಿಕದ ಸಾವಿರಾರು ಆಟಗಾರರ ದುಡ್ಡು ಇತ್ತು. ಪೋಕರ್‌ಸ್ಟಾರ್ಸ್ ಏಪ್ರಿಲ್ ತಿಂಗಳು ಮುಗಿಯುವ ಮುಂಚೆಯೇ ಅಮೆರಿಕದ ಆಟಗಾರರಿಗೆ ದುಡ್ಡು ವಾಪಸ್ ಕೊಡಲು ಶುರು ಮಾಡಿತು. ಫುಲ್ ಟಿಲ್ಟ್‌ನಲ್ಲಿ ದುಡ್ಡು ಇಟ್ಟಿದ್ದ ಅಮೆರಿಕದ ಆಟಗಾರರಿಗೆ ಮೊದಲ ಕಂತು ಕೈಗೆ ಸಿಕ್ಕಿದ್ದು 2014ರ ಫೆಬ್ರವರಿ ಕೊನೆಯಲ್ಲಿ. ಅಂದರೆ ಹೆಚ್ಚುಕಡಿಮೆ ಮೂರು ವರ್ಷ ಕಾಯಬೇಕಾಯಿತು.

ಎರಡು ಕಂಪನಿಗಳಿಗೂ ಲೈಸೆನ್ಸ್ ಇತ್ತು. ಆಟಗಾರರ ದುಡ್ಡು ಭದ್ರವಾಗಿದೆ ಎಂದು ಎರಡೂ ಹೇಳುತ್ತಿದ್ದವು. ಪೋಕರ್‌ಸ್ಟಾರ್ಸ್‌ಗೆ ಲೈಸೆನ್ಸ್ ಕೊಟ್ಟ ಐಲ್ ಆಫ್ ಮ್ಯಾನ್, ಆಟಗಾರರ ದುಡ್ಡಿಗೆ ಕಾನೂನಿನ ಪ್ರಕಾರ ರಕ್ಷಣೆ ಇರಲೇಬೇಕು ಎಂದು ಹೇಳುವ ಜಾಗ. ಅಲ್ಲಿ ಆಟಗಾರರ ದುಡ್ಡು ನಿಜಕ್ಕೂ ಬೇರೆಯಾಗಿತ್ತು. ಫುಲ್ ಟಿಲ್ಟ್ ಆಲ್ಡರ್ನಿ ದ್ವೀಪದ ಲೈಸೆನ್ಸ್ ಇಟ್ಟುಕೊಂಡಿತ್ತು. ಅಮೆರಿಕ ಸರ್ಕಾರ ಕೋರ್ಟಿಗೆ ಹೇಳಿದ ಪ್ರಕಾರ, ಆ ವರ್ಷದ ಮಾರ್ಚ್ ಕೊನೆಗೆ ಕಂಪನಿ ಜಗತ್ತಿನ ಆಟಗಾರರಿಗೆಲ್ಲ ಸೇರಿ ಸುಮಾರು 39 ಕೋಟಿ ಡಾಲರ್ ಕೊಡಬೇಕಿತ್ತು. ಬ್ಯಾಂಕಿನಲ್ಲಿ ಇದ್ದದ್ದು ಸುಮಾರು 6 ಕೋಟಿ ಡಾಲರ್ ಮಾತ್ರ. ಉಳಿದ ದುಡ್ಡು ಎಲ್ಲಿ ಹೋಯಿತು ಎನ್ನುವುದಕ್ಕೆ ಸರ್ಕಾರ ಒಂದು ಲೆಕ್ಕ ಕೊಟ್ಟಿತು. 2007ರಿಂದ ಈಚೆಗೆ ಮಾಲೀಕರು ಮತ್ತು ನಿರ್ದೇಶಕರ ಕೈಗೆ 44 ಕೋಟಿ ಡಾಲರ್‌ಗೂ ಜಾಸ್ತಿ ಹೋಗಿತ್ತು.

ಆಲ್ಡರ್ನಿ ಜೂನ್ 29ರಂದು ಲೈಸೆನ್ಸ್ ತಡೆಹಿಡಿಯಿತು, ಸೆಪ್ಟೆಂಬರ್ 29ರಂದು ರದ್ದು ಮಾಡಿತು. ಅದರಿಂದ ಆಟಗಾರರಿಗೆ ಒಂದು ಡಾಲರ್ ಕೂಡ ಬರಲಿಲ್ಲ. ಕೊನೆಗೆ 2012ರಲ್ಲಿ ಪೋಕರ್‌ಸ್ಟಾರ್ಸ್ ಅಮೆರಿಕ ಸರ್ಕಾರದ ಜೊತೆ 73.1 ಕೋಟಿ ಡಾಲರ್‌ಗೆ ರಾಜಿ ಮಾಡಿಕೊಂಡು ಫುಲ್ ಟಿಲ್ಟನ್ನು ತೆಗೆದುಕೊಂಡಿತು. ಅದಕ್ಕೇ ಆಟಗಾರರಿಗೆ ದುಡ್ಡು ಸಿಕ್ಕಿದ್ದು. ಕೊಳ್ಳುವವರು ಯಾರೂ ಬರದಿದ್ದರೆ ಏನಾಗುತ್ತಿತ್ತು ಎಂದು ನೀವೇ ಲೆಕ್ಕ ಹಾಕಿ.

ಈ ಬರಹ ಆಡಿ ಎಂದು ಹೇಳುವುದಕ್ಕಲ್ಲ. ಖಾತೆಯಲ್ಲಿ ದುಡ್ಡು ಇಟ್ಟವರು, ಅದು ಕಾನೂನಿನ ಕಣ್ಣಿನಲ್ಲಿ ಏನು ಎಂದು ತಿಳಿದುಕೊಳ್ಳಲಿ ಎಂದು. ಬ್ರಿಟನ್‌ನ ನಿಯಮಗಳನ್ನು ಮುಂದಿಟ್ಟುಕೊಂಡು ಹೇಳುತ್ತೇನೆ. ಅಲ್ಲಿನ ವ್ಯವಸ್ಥೆ ಎಲ್ಲರೂ ಓದುವ ಹಾಗೆ ಬರೆದಿಟ್ಟಿದೆ. ಓದಲು, ಕೆಲಸ ಮಾಡಲು ಅಲ್ಲಿಗೆ ಹೋಗಿರುವ ಕನ್ನಡಿಗರೂ ಬಹಳ ಜನ ಇದ್ದಾರೆ. ನಮ್ಮಲ್ಲಿನ ಕಥೆಯೇ ಬೇರೆ, ಅದನ್ನು ಕೊನೆಯಲ್ಲಿ ಹೇಳುತ್ತೇನೆ.

ಮೊದಲು: ನಿಮ್ಮ ಬ್ಯಾಲೆನ್ಸ್ ಸಾಲವೋ, ಜೋಪಾನಕ್ಕೆ ಇಟ್ಟದ್ದೋ

ಆ್ಯಪ್‌ನಲ್ಲಿ £400 ಎಂದು ಕಾಣುತ್ತಿದೆ ಎಂದುಕೊಳ್ಳಿ. ಅದು ಬ್ಯಾಂಕ್ ಖಾತೆಯಲ್ಲ. ಬ್ಯಾಂಕ್ ಮುಳುಗಿದರೆ ಬ್ರಿಟನ್‌ನಲ್ಲಿ ಠೇವಣಿಗೆ ಸರ್ಕಾರಿ ರಕ್ಷಣೆ ಇದೆ. ಬೆಟ್ಟಿಂಗ್ ಕಂಪನಿ ಮುಳುಗಿದರೆ ಆ ರಕ್ಷಣೆ ನಿಮ್ಮ ಬ್ಯಾಲೆನ್ಸ್‌ಗೆ ಇಲ್ಲ. ಬೇರೆ ಏನೂ ಏರ್ಪಾಡು ಇಲ್ಲದಿದ್ದರೆ ಆ £400 ಎಂದರೆ ಕಂಪನಿ ನಿಮಗೆ ಕೊಡಬೇಕಾದ ಸಾಲ, ಅಷ್ಟೇ.

ನೆರೆಮನೆಯವರಿಗೆ ಕೈಸಾಲ ಕೊಡುವುದು ಬೇರೆ, ಊರಿಗೆ ಹೋಗಿ ಬರುವ ತನಕ ಜೋಪಾನ ಮಾಡಿ ಎಂದು ಒಡವೆ ಕೊಡುವುದು ಬೇರೆ, ಅಲ್ವಾ? ಅವರ ಮನೆ ಜಪ್ತಿಯಾದರೆ ಒಡವೆ ನನ್ನದು ಎಂದು ನೀವು ಕೇಳಬಹುದು. ಕೈಸಾಲಕ್ಕೆ ಮಾತ್ರ ಉಳಿದ ಸಾಲದವರ ಜೊತೆ ಸಾಲಿನಲ್ಲಿ ನಿಲ್ಲಬೇಕು. ಕಾನೂನಿನಲ್ಲಿ ಆ ‘ಜೋಪಾನ’ದ ಹೆಸರು ಟ್ರಸ್ಟ್. ಟ್ರಸ್ಟ್‌ನಲ್ಲಿರುವ ದುಡ್ಡು ಕಂಪನಿಯ ಕೈಯಲ್ಲಿದ್ದರೂ ಕಂಪನಿಯ ಆಸ್ತಿಯಲ್ಲ.

ಜನ ಹೆಚ್ಚಾಗಿ ಎಡವುವುದು ಇಲ್ಲೇ. ಬ್ರಿಟನ್‌ನ ಗ್ಯಾಂಬ್ಲಿಂಗ್ ಕಮಿಷನ್ ಲೈಸೆನ್ಸ್‌ಗೆ ಹಾಕುವ ಷರತ್ತುಗಳಲ್ಲಿ 4.1.1 ಎನ್ನುವುದು ಒಂದು. ಗ್ರಾಹಕರ ದುಡ್ಡನ್ನು ಕಂಪನಿಯ ದುಡ್ಡಿನ ಜೊತೆ ಬೆರೆಸಬೇಡಿ, ಬೇರೆ ಬ್ಯಾಂಕ್ ಖಾತೆಯಲ್ಲಿ ಇಡಿ ಎಂದು ಅದು ಹೇಳುತ್ತದೆ. ಕೇಳಿದರೆ ಧೈರ್ಯ ಬರುತ್ತದೆ. ಆದರೆ ಖಾತೆ ಬೇರೆಯಾದ ಮಾತ್ರಕ್ಕೆ ಯಜಮಾನ ಬೇರೆಯಾಗುವುದಿಲ್ಲ. ಖಾತೆ ಕಂಪನಿಯ ಹೆಸರಿನಲ್ಲೇ ಇದ್ದು, ಟ್ರಸ್ಟ್ ಎಂದು ಎಲ್ಲೂ ಬರೆದಿಲ್ಲದಿದ್ದರೆ, ದಿವಾಳಿಯಾದ ದಿನ ಆ ಖಾತೆಯೂ ಕಂಪನಿಯ ಆಸ್ತಿಯ ರಾಶಿಗೆ ಸೇರುತ್ತದೆ. ದಿವಾಳಿಯಲ್ಲೂ ದುಡ್ಡು ಉಳಿಯುವ ಹಾಗೆ ಮಾಡಲೇಬೇಕು ಎಂದು ಕಮಿಷನ್ ಎಲ್ಲ ಕಂಪನಿಗಳನ್ನೂ ಕಟ್ಟಿಹಾಕುವುದಿಲ್ಲ. ರಕ್ಷಣೆ ಇದೆಯೋ ಇಲ್ಲವೋ ಹೇಳಿ ಎಂದು ಮಾತ್ರ ಕಟ್ಟಿಹಾಕುತ್ತದೆ. ಹಾಗಾಗಿ ಓದುವ ಕೆಲಸ ಆಟಗಾರನ ತಲೆಗೇ ಬರುತ್ತದೆ. ನನ್ನ ಪ್ರಕಾರ ಇದು ತಪ್ಪು. ದುಡ್ಡು ಇಟ್ಟುಕೊಳ್ಳುವವರ ಮೇಲೆ ಇರಬೇಕಾದ ಹೊರೆಯನ್ನು ಇಡುವವರ ಮೇಲೆ ಹಾಕಿದ್ದಾರೆ.

ಹೆಜ್ಜೆ 1: ಲೈಸೆನ್ಸ್ ಯಾರ ಹೆಸರಿನಲ್ಲಿದೆ ಎಂದು ನೋಡಿ

ಜಾಹೀರಾತಿನಲ್ಲಿ ಕಾಣುವುದು ಬ್ರ್ಯಾಂಡ್ ಹೆಸರು. ನಿಮಗೆ ದುಡ್ಡು ಕೊಡಬೇಕಾದದ್ದು ಅದರ ಹಿಂದಿನ ಕಂಪನಿ. ಒಂದೇ ಕಂಪನಿ ಬೇರೆ ಬೇರೆ ಹೆಸರಿನಲ್ಲಿ ಹತ್ತಾರು ಸೈಟ್ ನಡೆಸುವುದೂ ಉಂಟು.

ಸೈಟ್‌ನ ಕೆಳತುದಿಗೆ ಹೋಗಿ. ಅಲ್ಲಿ ಕಂಪನಿಯ ಪೂರ್ತಿ ಹೆಸರು ಮತ್ತು ಲೈಸೆನ್ಸ್ ಖಾತೆ ಸಂಖ್ಯೆ ಇರುತ್ತದೆ. ಅಲ್ಲಿರುವ ಲಿಂಕ್ ಒತ್ತಬೇಡಿ. ಹೊಸ ಪುಟ ತೆರೆದು gamblingcommission.gov.uk ಎಂದು ನೀವೇ ಟೈಪ್ ಮಾಡಿ, ಅಲ್ಲಿನ ಸಾರ್ವಜನಿಕ ರಿಜಿಸ್ಟರ್‌ನಲ್ಲಿ ಆ ಹೆಸರು ಹುಡುಕಿ. ನಕಲಿ ಸೈಟ್‌ಗಳು ನಕಲಿ ಲಿಂಕನ್ನೂ ಹಾಕಿರುತ್ತವೆ. ರಿಜಿಸ್ಟರ್‌ನಲ್ಲಿ ಎರಡು ವಿಷಯ ನೋಡಿ. ಲೈಸೆನ್ಸ್ ಚಾಲ್ತಿಯಲ್ಲಿದೆಯಾ? ನೀವು ಬಳಸುವ ಸೈಟ್‌ನ ವಿಳಾಸ ಆ ಕಂಪನಿಯ ಡೊಮೇನ್ ಪಟ್ಟಿಯಲ್ಲಿ ಇದೆಯಾ? ವಿಳಾಸ ಪಟ್ಟಿಯಲ್ಲಿ ಇಲ್ಲದಿದ್ದರೆ ಮುಂದಿನ ಹೆಜ್ಜೆಗಳೇ ಬೇಡ. ದುಡ್ಡು ಹಾಕಬೇಡಿ.

ಕಂಪನಿ ಬ್ರಿಟನ್‌ನಲ್ಲೇ ನೋಂದಣಿಯಾಗಿದ್ದರೆ ಇನ್ನೊಂದು ಕೆಲಸ ಮಾಡಬಹುದು. ಕಂಪನೀಸ್ ಹೌಸ್ ಎಂಬ ಸರ್ಕಾರಿ ದಾಖಲೆಯಲ್ಲಿ ಅದೇ ಹೆಸರು ಹಾಕಿ, ಪುಕ್ಕಟೆ. Filing history ಎನ್ನುವ ಕಡೆ ವಾರ್ಷಿಕ ಲೆಕ್ಕಪತ್ರ ಇರುತ್ತದೆ. ಗ್ರಾಹಕರಿಗೆ ಕೊಡಬೇಕಾದ ಮೊತ್ತವನ್ನು ಕೈಯಲ್ಲಿರುವ ನಗದಿನ ಜೊತೆ ಹೋಲಿಸಿ. Charges ಎನ್ನುವ ಕಡೆ, ಕಂಪನಿಯ ಆಸ್ತಿಯನ್ನು ಯಾರಿಗೆ ಅಡವು ಇಟ್ಟಿದ್ದಾರೆ ಎಂದು ಇರುತ್ತದೆ. ಲೆಕ್ಕ ಕೊಡುವ ದಿನ ದಾಟಿದ್ದರೆ ಅದನ್ನೂ ಅಲ್ಲೇ ತೋರಿಸುತ್ತಾರೆ. ಹಲವು ಕಂಪನಿಗಳು ಜಿಬ್ರಾಲ್ಟರ್ ಅಥವಾ ಮಾಲ್ಟಾದಲ್ಲಿ ನೋಂದಣಿಯಾಗಿರುತ್ತವೆ. ಅವುಗಳ ಲೆಕ್ಕ ಇಲ್ಲಿ ಸಿಗುವುದಿಲ್ಲ.

ಹೆಜ್ಜೆ 2: ಮೂರು ಮಟ್ಟಗಳಲ್ಲಿ ಯಾವುದು ಎಂದು ಹುಡುಕಿ

ಷರತ್ತು 4.2.1 ಪ್ರಕಾರ ಕಂಪನಿ ತನ್ನ ನಿಯಮಗಳ ಪುಟದಲ್ಲೇ ಇದನ್ನು ಹೇಳಬೇಕು. ನೀವು ಮೊದಲ ಸಲ ದುಡ್ಡು ಹಾಕಿದಾಗ ತೋರಿಸಿ ಒಪ್ಪಿಗೆಯನ್ನೂ ಪಡೆಯಬೇಕು. ಆ ಒಪ್ಪಿಗೆಯ ಗುಂಡಿಯನ್ನು ಬಹುತೇಕ ಎಲ್ಲರೂ ಓದದೇ ಒತ್ತುತ್ತಾರೆ. ಪರವಾಗಿಲ್ಲ, ಈಗ ಓದಿ. ನಿಯಮಗಳ ಪುಟದಲ್ಲಿ customer funds ಅಥವಾ insolvency ಎಂದು ಹುಡುಕಿದರೆ ಸಿಗುತ್ತದೆ. ಮೂರು ಮಾತುಗಳಲ್ಲಿ ಒಂದು ಇರುತ್ತದೆ.

Not protected ಎಂದಿದ್ದರೆ ದುಡ್ಡು ಬೇರೆ ಖಾತೆಯಲ್ಲಿ ಇರಬಹುದು, ಆದರೆ ದಿವಾಳಿಯಾದರೆ ಅದು ಕಂಪನಿಯ ಆಸ್ತಿ. ಈ ಮಟ್ಟದ ಕಂಪನಿಗಳು ಆರು ತಿಂಗಳಿಗೊಮ್ಮೆ ಗ್ರಾಹಕರಿಗೆ ಇದನ್ನು ಮತ್ತೆ ನೆನಪಿಸಬೇಕು ಎಂಬ ನಿಯಮ 2025ರ ಅಕ್ಟೋಬರ್ 31ರಿಂದ ಬಂದಿದೆ. ಹಾಗೆ ಒಂದು ಸೂಚನೆ ಬಂದರೆ ಸುಮ್ನೆ ಮುಚ್ಚಬೇಡಿ.

Medium protection ಎಂದಿದ್ದರೆ ದಿವಾಳಿಯಾದಾಗ ಗ್ರಾಹಕರಿಗೆ ದುಡ್ಡು ಹಂಚಲು ಏನೋ ಒಂದು ಏರ್ಪಾಡು ಇದೆ ಎಂದರ್ಥ. ಅದು ವಿಮೆ ಇರಬಹುದು, ಟ್ರಸ್ಟ್ ತರಹದ ಖಾತೆ ಇರಬಹುದು. ಆದರೆ ಖಾತ್ರಿ ಅಲ್ಲ. ಈ ಮಟ್ಟ ಬಹಳ ಅಗಲವಾದದ್ದು. ಒಳ್ಳೆಯದೂ ಇದರಲ್ಲೇ ಬರುತ್ತದೆ, ಸಡಿಲವಾದದ್ದೂ ಇದರಲ್ಲೇ ಬರುತ್ತದೆ.

High protection ಎಂದರೆ ಕಾನೂನಿನ ಪ್ರಕಾರವೇ ಬೇರೆಯಾದ ಟ್ರಸ್ಟ್ ಖಾತೆ. ಹೊರಗಿನ ಸ್ವತಂತ್ರ ವ್ಯಕ್ತಿಯೋ ಲೆಕ್ಕಪರಿಶೋಧಕರೋ ಅದರ ಮೇಲೆ ಕಣ್ಣಿಟ್ಟಿರುತ್ತಾರೆ. ಈ ಕಣ್ಣು ಮುಖ್ಯ. ಕಂಪನಿ ಕಷ್ಟಕ್ಕೆ ಬಿದ್ದಾಗ ಮೊದಲು ಕೈ ಹಾಕುವುದು ಸುಲಭವಾಗಿ ಸಿಗುವ ದುಡ್ಡಿಗೆ. ಹೊರಗಿನವರು ನೋಡುತ್ತಿದ್ದಾರೆ ಎಂದರೆ ಆ ಕೈ ತಡೆಯುತ್ತದೆ.

ಮಟ್ಟದ ಹೆಸರು ಓದಿ ನಿಲ್ಲಬೇಡಿ, ಅದರ ಕೆಳಗಿನ ಒಂದೆರಡು ವಾಕ್ಯ ಓದಿ. trust ಎಂಬ ಪದ ಇದೆಯಾ? ಟ್ರಸ್ಟಿ ಯಾರು ಎಂದು ಹೇಳಿದ್ದಾರಾ? ಅಥವಾ ‘ನಿಮ್ಮ ದುಡ್ಡನ್ನು ಬೇರೆ ಖಾತೆಯಲ್ಲಿ ಇಟ್ಟಿದ್ದೇವೆ’ ಎಂದು ಮಾತ್ರ ಇದೆಯಾ? ಎರಡನೆಯದಾದರೆ ಅದು ಮೊದಲ ಮಟ್ಟದ ಮಾತೇ.

ಹೆಜ್ಜೆ 3: ಒಂದು ಲೆಕ್ಕ ಹಾಕಿ ನೋಡಿ

ವ್ಯತ್ಯಾಸ ಎಷ್ಟು ದೊಡ್ಡದು ಎನ್ನುವುದಕ್ಕೆ ಒಂದು ಕಾಲ್ಪನಿಕ ಕಂಪನಿ ತೆಗೆದುಕೊಳ್ಳೋಣ. ಗ್ರಾಹಕರಿಗೆ ಒಟ್ಟು 20 ಲಕ್ಷ ಪೌಂಡ್ ಕೊಡಬೇಕು. ಬೇರೆ ಖಾತೆಯಲ್ಲಿ ಅಷ್ಟೂ ದುಡ್ಡು ಇದೆ. ಅದು ಬಿಟ್ಟರೆ ಕಂಪನಿಯ ಆಸ್ತಿ 6 ಲಕ್ಷ. ಒಟ್ಟು ಆಸ್ತಿಯ ಮೇಲೆ ಅಡವು ಹಿಡಿದು ಬ್ಯಾಂಕೊಂದು 30 ಲಕ್ಷ ಸಾಲ ಕೊಟ್ಟಿದೆ. ನೌಕರರ ಸಂಬಳ ಮತ್ತು ಸರ್ಕಾರಕ್ಕೆ ಕಟ್ಟಬೇಕಾದ ವ್ಯಾಟ್ ಸೇರಿ 10 ಲಕ್ಷ ಬಾಕಿ. ಜಾಹೀರಾತು, ಸಾಫ್ಟ್‌ವೇರ್, ಬಾಡಿಗೆ ಎಂದು ಇತರರಿಗೆ 40 ಲಕ್ಷ ಬಾಕಿ. ಕಂಪನಿಯನ್ನು ಕೈಗೆ ತೆಗೆದುಕೊಂಡ ಅಡ್ಮಿನಿಸ್ಟ್ರೇಟರ್‌ಗಳ ಖರ್ಚು 4 ಲಕ್ಷ.

ರಕ್ಷಣೆ ಇಲ್ಲ ಎಂದುಕೊಳ್ಳಿ. ಆಗ 20 ಮತ್ತು 6 ಸೇರಿ 26 ಲಕ್ಷ ಒಂದೇ ರಾಶಿ. ಮೊದಲು ಅಡ್ಮಿನಿಸ್ಟ್ರೇಟರ್‌ಗಳ 4 ಲಕ್ಷ ಹೋಗುತ್ತದೆ. ಆಮೇಲೆ ಸಂಬಳ ಮತ್ತು ವ್ಯಾಟ್ 10 ಲಕ್ಷ. ಉಳಿದದ್ದು 12 ಲಕ್ಷ. ಅಡವು ಇಟ್ಟುಕೊಂಡ ಬ್ಯಾಂಕಿಗೆ ಅಷ್ಟೂ ಹೋಗದ ಹಾಗೆ, ಅಡವು ಇಲ್ಲದವರಿಗಾಗಿ ಬ್ರಿಟನ್‌ನ ಕಾನೂನು ಸ್ವಲ್ಪ ಎತ್ತಿಡುತ್ತದೆ. ಮೊದಲ £10,000ದಲ್ಲಿ ಅರ್ಧ, ಉಳಿದದ್ದರಲ್ಲಿ ಐದರಲ್ಲೊಂದು ಭಾಗ. ಇಲ್ಲಿ ಅದು £2,43,000. ಅಡವು ಇಲ್ಲದವರು ಎಂದರೆ ಗ್ರಾಹಕರ 20 ಲಕ್ಷ, ಇತರರ 40 ಲಕ್ಷ, ಒಟ್ಟು 60 ಲಕ್ಷ. ಪೌಂಡಿಗೆ ಸುಮಾರು 4 ಪೆನ್ಸ್ ಬೀಳುತ್ತದೆ. ನಿಮ್ಮ £400ಕ್ಕೆ ಸಿಗುವುದು ಸುಮಾರು £16. ಗಮನಿಸಿ, ಗ್ರಾಹಕರ ಖಾತೆಯಲ್ಲಿ ಪೂರ್ತಿ 20 ಲಕ್ಷ ಇತ್ತು. ಯಾರೂ ಕದ್ದಿಲ್ಲ. ಆದರೂ ಹೀಗೆ.

ಅದೇ 20 ಲಕ್ಷ ಟ್ರಸ್ಟ್‌ನಲ್ಲಿದ್ದರೆ ಅದು ಆ ರಾಶಿಗೆ ಸೇರುವುದೇ ಇಲ್ಲ. ಬ್ಯಾಂಕ್ ಅದನ್ನು ಮುಟ್ಟುವ ಹಾಗಿಲ್ಲ. ಆದರೂ ಯಾರಿಗೆ ಎಷ್ಟು ಎಂದು ಲೆಕ್ಕ ಮಾಡಿ ಹಂಚುವುದಕ್ಕೆ ಖರ್ಚಿದೆ. ಆ ಖರ್ಚನ್ನು ಟ್ರಸ್ಟ್‌ನ ದುಡ್ಡಿನಿಂದಲೇ ತೆಗೆದುಕೊಳ್ಳಲು ಕೋರ್ಟ್ ಒಪ್ಪಬಹುದು. ಅದು £80,000 ಎಂದಿಟ್ಟುಕೊಂಡರೆ ನಿಮ್ಮ £400ರಲ್ಲಿ £384 ಬರುತ್ತದೆ.

ಇನ್ನೊಂದು ಸಾಧ್ಯತೆಯೂ ಇದೆ. ಟ್ರಸ್ಟ್ ಇದೆ, ಆದರೆ ಕಂಪನಿ ಅದಕ್ಕೆ ಸರಿಯಾಗಿ ದುಡ್ಡು ತುಂಬಿಲ್ಲ. 20 ಲಕ್ಷ ಇರಬೇಕಾದ ಕಡೆ 14 ಲಕ್ಷ ಇದೆ. ಆಗ ಎಲ್ಲರಿಗೂ ಒಂದೇ ಪ್ರಮಾಣದಲ್ಲಿ, ನೂರಕ್ಕೆ 70ರಂತೆ ಸಿಗುತ್ತದೆ. ನಿಮಗೆ £280. ಬಾಕಿ £120ಕ್ಕೆ ಮತ್ತೆ ಉಳಿದ ಸಾಲದವರ ಜೊತೆ ಅದೇ ಸಾಲು. ಈ ಲೆಕ್ಕದಲ್ಲಿ ಕಂಪನಿಯ 6 ಲಕ್ಷ ಅಡ್ಮಿನಿಸ್ಟ್ರೇಟರ್‌ಗಳ ಖರ್ಚು, ಸಂಬಳ ಮತ್ತು ವ್ಯಾಟ್‌ಗೇ ಮುಗಿಯುತ್ತದೆ, ಆ ಸಾಲಿಗೆ ಏನೂ ಉಳಿಯುವುದಿಲ್ಲ. ಫುಲ್ ಟಿಲ್ಟ್‌ನ ಕಥೆ ಹೇಳುವುದೂ ಇದನ್ನೇ. ದುಡ್ಡು ಬೇರೆ ಇದೆ ಎಂದು ಬರೆದರೆ ಸಾಲದು, ಪ್ರತಿದಿನ ಅಷ್ಟು ದುಡ್ಡು ಅಲ್ಲಿ ಇರಬೇಕು, ಇದೆಯಾ ಎಂದು ಹೊರಗಿನವರು ನೋಡಬೇಕು.

ಹೆಜ್ಜೆ 4: ‘ಬ್ಯಾಲೆನ್ಸ್’ನಲ್ಲಿ ಏನು ಸೇರುತ್ತದೆ, ಏನು ಸೇರುವುದಿಲ್ಲ

ಲೈಸೆನ್ಸ್ ಷರತ್ತಿನ ಪ್ರಕಾರ ಗ್ರಾಹಕರ ದುಡ್ಡು ಎಂದರೆ ನೀವು ಮುಂದಿನ ಆಟಕ್ಕೆಂದು ಹಾಕಿಟ್ಟದ್ದು, ಗೆದ್ದು ಖಾತೆಯಲ್ಲೇ ಬಿಟ್ಟದ್ದು ಅಥವಾ ಕಂಪನಿ ಇನ್ನೂ ಕೊಡದೇ ಇರುವುದು, ಮತ್ತು ಪೂರ್ತಿ ನಿಮ್ಮದಾಗಿರುವ ಬೋನಸ್. ವಿತ್‌ಡ್ರಾ ಮಾಡಲು ಕೊಟ್ಟು ಇನ್ನೂ ಬಂದಿಲ್ಲದ ದುಡ್ಡೂ ನಿಮ್ಮದೇ ಲೆಕ್ಕ. ಇನ್ನೂ ಷರತ್ತು ಪೂರೈಸದ ಬೋನಸ್ ಸೇರುವುದಿಲ್ಲ. ಇನ್ನೂ ಫಲಿತಾಂಶ ಬರದ ಬೆಟ್‌ಗೆ ಕಟ್ಟಿದ ದುಡ್ಡು ಈಗಾಗಲೇ ನಿಮ್ಮ ಬ್ಯಾಲೆನ್ಸ್‌ನಿಂದ ಹೊರಗೆ ಹೋಗಿದೆ.

ಈ ಕೊನೆಯ ಮಾತು ಎಷ್ಟು ನೋಯಿಸಬಹುದು ಎನ್ನುವುದಕ್ಕೆ ಫುಟ್‌ಬಾಲ್ ಇಂಡೆಕ್ಸ್ ಸಾಕ್ಷಿ. ಜೆರ್ಸಿ ದ್ವೀಪದ ಬೆಟ್‌ಇಂಡೆಕ್ಸ್ ಎಂಬ ಕಂಪನಿ 2015ರಲ್ಲಿ ಶುರು ಮಾಡಿದ ಸೈಟ್ ಇದು. ಫುಟ್‌ಬಾಲ್ ಆಟಗಾರರ ‘ಷೇರು’ ಕೊಳ್ಳಿ, ಅವರು ಚೆನ್ನಾಗಿ ಆಡಿದರೆ ‘ಡಿವಿಡೆಂಡ್’ ಕೊಡುತ್ತೇವೆ ಎನ್ನುತ್ತಿತ್ತು. ನೋಡಲು ಷೇರುಪೇಟೆಯ ಹಾಗೆ ಇತ್ತು. ಬಹಳ ಜನ ಅದನ್ನು ಹೂಡಿಕೆ ಎಂದೇ ನಂಬಿ ಉಳಿತಾಯ ಹಾಕಿದರು. ಆದರೆ ಲೈಸೆನ್ಸ್ ಇದ್ದದ್ದು ಜೂಜಿಗೆ. ಕಾನೂನಿನಲ್ಲಿ ಆ ಒಂದೊಂದು ‘ಷೇರೂ’ ಮೂರು ವರ್ಷ ತೆರೆದಿರುವ ಒಂದು ಬೆಟ್.

2021ರ ಮಾರ್ಚ್ ಮೊದಲ ವಾರ ಕಂಪನಿ ಡಿವಿಡೆಂಡನ್ನು ಭಾರಿ ಕಡಿತ ಮಾಡಿತು. ಬೆಲೆ ನೆಲಕಚ್ಚಿತು. ಮಾರ್ಚ್ 11ರಂದು ಸೈಟ್ ನಿಂತಿತು, ಲೈಸೆನ್ಸ್ ತಡೆಯಾಯಿತು. ತಿಂಗಳ ಕೊನೆಗೆ ಅಡ್ಮಿನಿಸ್ಟ್ರೇಟರ್‌ಗಳು ಬಂದರು. ಸೈಟ್ ನಿಂತಾಗ ಗ್ರಾಹಕರ ಕೈಯಲ್ಲಿದ್ದ ಆ ಬೆಟ್‌ಗಳ ಮೊತ್ತ ಸುಮಾರು 9 ಕೋಟಿ ಪೌಂಡ್ ಎಂದು ಅಂದಾಜು.

ಗ್ರಾಹಕರಿಗಾಗಿ ಒಂದು ಟ್ರಸ್ಟ್ ಖಾತೆ ಅಲ್ಲಿ ನಿಜಕ್ಕೂ ಇತ್ತು. ಅದು ಕಾಪಾಡಿದ್ದು ಖಾತೆಯಲ್ಲಿದ್ದ ನಗದನ್ನು. ಯಾವ ದಿನದ ಲೆಕ್ಕದಂತೆ ಯಾರಿಗೆ ಎಷ್ಟು ಎನ್ನುವುದನ್ನು ಅಡ್ಮಿನಿಸ್ಟ್ರೇಟರ್‌ಗಳು ಲಂಡನ್ನಿನ ಹೈಕೋರ್ಟಿಗೆ ಹೋಗಿ ಕೇಳಬೇಕಾಯಿತು. ‘ಷೇರು’ಗಳಲ್ಲಿ ಹಾಕಿದ್ದ ದುಡ್ಡಿಗೆ ಆ ಖಾತೆ ಆಸರೆಯಾಗಲಿಲ್ಲ. ಒಬ್ಬರ ಪುಟದಲ್ಲಿ £50 ನಗದು, £5,000 ‘ಷೇರು’ ಎಂದಿದ್ದರೆ, ಟ್ರಸ್ಟ್‌ನ ರಕ್ಷಣೆ ಇದ್ದದ್ದು ಆ £50ಕ್ಕೆ. ಪರದೆಯ ಮೇಲೆ ಎರಡೂ ಒಟ್ಟಿಗೆ ಕೂಡಿ ದೊಡ್ಡ ಅಂಕಿಯಾಗಿ ಕಾಣುತ್ತಿತ್ತು. ಆ ಜನರ ಬಗ್ಗೆ ನನಗೆ ಇಂದಿಗೂ ಮರುಕವಾಗುತ್ತದೆ. ಅವರು ನಿಯಮ ಮೀರಲಿಲ್ಲ, ಲೈಸೆನ್ಸ್ ಇಲ್ಲದ ಕಡೆ ಹೋಗಲಿಲ್ಲ.

ಹಾಗಾಗಿ ನಿಮ್ಮ ಖಾತೆಯಲ್ಲಿ ಈ ಕ್ಷಣ ವಿತ್‌ಡ್ರಾ ಮಾಡಬಹುದಾದ ಅಂಕಿ ಯಾವುದು ಎಂದು ಬೇರೆ ತೆಗೆದು ನೋಡಿ. ರಕ್ಷಣೆಯ ಮಾತೆಲ್ಲ ಆ ಅಂಕಿಗೆ ಮಾತ್ರ. ತಿಂಗಳುಗಟ್ಟಲೆ ತೆರೆದಿರುವ ಬೆಟ್‌ಗಳಿಗೆ ಏನು ಮಾಡುತ್ತೇವೆ ಎಂದು ನಿಯಮಗಳಲ್ಲಿ ಹೇಳಿಲ್ಲದಿದ್ದರೆ, ಏನೂ ಮಾಡುವುದಿಲ್ಲ ಎಂದೇ ತಿಳಿಯಿರಿ.

ಹೆಜ್ಜೆ 5: ಮುಳುಗುವ ಮುಂಚಿನ ಗುರುತುಗಳು

ಮೊದಲ ಗುರುತು ವಿತ್‌ಡ್ರಾ ನಿಧಾನವಾಗುವುದು. ಮುಂಚೆ ಒಂದು ದಿನಕ್ಕೆ ಬರುತ್ತಿದ್ದದ್ದು ವಾರವಾದರೂ ಬರದಿದ್ದರೆ, ಕಾರಣ ದಿನಕ್ಕೊಂದು ಬದಲಾಗುತ್ತಿದ್ದರೆ, ಎಚ್ಚರವಾಗಿ. ಬ್ರಿಟನ್‌ನಲ್ಲಿ ನೀವು ಯಾರು ಎನ್ನುವ ಪರಿಶೀಲನೆಯನ್ನು ಆಟಕ್ಕೆ ಬಿಡುವ ಮುಂಚೆಯೇ ಮುಗಿಸಬೇಕು. ಆಗ ಕೇಳಬಹುದಾಗಿದ್ದ ಗುರುತಿನ ಚೀಟಿಯನ್ನು ವಿತ್‌ಡ್ರಾ ದಿನ ಹೊಸದಾಗಿ ಕೇಳಿ ತಡೆಯುವುದು ಸರಿಯಲ್ಲ. ದುಡ್ಡಿನ ಮೂಲ ಕೇಳುವುದು ಕೆಲವೊಮ್ಮೆ ನಿಜವಾದ ಕಾರಣಕ್ಕೇ ಇರುತ್ತದೆ, ಅದನ್ನು ನೋಡಿ ಗಾಬರಿಯಾಗಬೇಕಿಲ್ಲ.

ಇನ್ನೊಂದು, ದುಡ್ಡು ಹಾಕಿಸಿಕೊಳ್ಳಲು ಇದ್ದಕ್ಕಿದ್ದಂತೆ ಭಾರಿ ಬೋನಸ್ ಕೊಡುವುದು. ಮೂರನೆಯದು ನಿಯಮಗಳ ಪುಟದಲ್ಲಿ ಸದ್ದಿಲ್ಲದೆ ಮಟ್ಟ ಬದಲಾಗುವುದು. ನಿಜವಾಗಿ ಅದನ್ನು ನಿಮಗೆ ತಿಳಿಸಿ ಮತ್ತೆ ಒಪ್ಪಿಗೆ ಪಡೆಯಬೇಕು. ಇವುಗಳಲ್ಲಿ ಯಾವುದು ಕಂಡರೂ ಮೊದಲು ದುಡ್ಡು ಹೊರಗೆ ತೆಗೆಯಿರಿ, ಪ್ರಶ್ನೆ ಆಮೇಲೆ ಕೇಳಿ. ಆಟವಿಲ್ಲದ ದಿನ ದುಡ್ಡು ಅಲ್ಲಿ ಕೂರಲು ಕಾರಣವೇ ಇಲ್ಲ.

ಹೆಜ್ಜೆ 6: ಬಾಗಿಲು ಮುಚ್ಚಿದ ದಿನ

ಆ್ಯಪ್ ಇನ್ನೂ ತೆರೆಯುತ್ತಿದ್ದರೆ ಅದೇ ಗಂಟೆಯಲ್ಲಿ ಎಲ್ಲದರ ಸ್ಕ್ರೀನ್‌ಶಾಟ್ ತೆಗೆಯಿರಿ. ಬ್ಯಾಲೆನ್ಸ್, ಬಾಕಿ ಇರುವ ವಿತ್‌ಡ್ರಾ ಮತ್ತು ಅದರ ಸಂಖ್ಯೆ, ತೆರೆದಿರುವ ಬೆಟ್‌ಗಳು, ದುಡ್ಡು ಹಾಕಿದ ತೆಗೆದ ಪಟ್ಟಿ. ದಿನಾಂಕ, ಸಮಯ ಕಾಣುವ ಹಾಗೆ ಇರಲಿ. ಫುಟ್‌ಬಾಲ್ ಇಂಡೆಕ್ಸ್‌ನಲ್ಲಿ ದಿನಾಂಕದ ಪ್ರಶ್ನೆ ಕೋರ್ಟಿನ ತನಕ ಹೋಯಿತು ಎನ್ನುವುದು ನೆನಪಿರಲಿ. ನಿಯಮಗಳ ಪುಟವನ್ನೂ ಪಿಡಿಎಫ್ ಮಾಡಿಟ್ಟುಕೊಳ್ಳಿ. ಸೈಟ್ ಹೋದ ಮೇಲೆ ಟ್ರಸ್ಟ್ ಎಂದು ಬರೆದಿದ್ದರು ಎಂದು ತೋರಿಸಲು ಅದೇ ಆಧಾರ.

ಆಮೇಲೆ ಈಗ ಕಂಪನಿ ಯಾರ ಕೈಯಲ್ಲಿದೆ ಎಂದು ಕಂಡುಹಿಡಿಯಿರಿ. ಅಡ್ಮಿನಿಸ್ಟ್ರೇಟರ್‌ಗಳ ಹೆಸರು ಕಂಪನೀಸ್ ಹೌಸ್‌ನಲ್ಲೂ ಬ್ರಿಟನ್‌ನ ಗೆಜೆಟ್‌ನಲ್ಲೂ ಬರುತ್ತದೆ. ಅವರಿಗೆ ಎರಡು ಮಾತು ಬರೆಯಿರಿ. ಒಂದು, ಟ್ರಸ್ಟ್ ಖಾತೆಯಲ್ಲಿ ನನ್ನ ಪಾಲು ಇಷ್ಟು. ಎರಡು, ಅದರಲ್ಲಿ ಬರದ ಬಾಕಿಗೆ ನಾನು ಸಾಲ ಕೊಟ್ಟವನು. ಒಂದೇ ಅರ್ಜಿ ಹಾಕಿ ಇನ್ನೊಂದನ್ನು ಬಿಟ್ಟುಬಿಡಬೇಡಿ. ಕೊನೆಯ ದಿನಾಂಕ ಕೊಟ್ಟಿರುತ್ತಾರೆ, ಅದನ್ನು ದಾಟಿಸಬೇಡಿ.

ದುಡ್ಡು ಕೊಡಿಸುತ್ತೇವೆ, ಮೊದಲು ಸ್ವಲ್ಪ ಶುಲ್ಕ ಕಟ್ಟಿ ಎಂದು ಕರೆ, ಮೆಸೇಜ್ ಬಂದೇ ಬರುತ್ತವೆ. ಇವರು ದಿವಾಳಿ ಸುದ್ದಿಯ ಬೆನ್ನು ಹತ್ತುವ ಮೋಸಗಾರರು. ಅಡ್ಮಿನಿಸ್ಟ್ರೇಟರ್‌ಗಳು ನಿಮ್ಮ ಅರ್ಜಿ ತೆಗೆದುಕೊಳ್ಳಲು ದುಡ್ಡು ಕೇಳುವುದಿಲ್ಲ, ಕಾರ್ಡಿನ ಪಿನ್ ಕೇಳುವುದಿಲ್ಲ.

ಮುಚ್ಚುವ ಮುಂಚಿನ ದಿನಗಳಲ್ಲಿ ಡೆಬಿಟ್ ಕಾರ್ಡಿನಿಂದ ಹಾಕಿ, ಒಂದು ಬೆಟ್ಟೂ ಕಟ್ಟದೆ ಉಳಿದ ದುಡ್ಡಿದ್ದರೆ, ಕಾರ್ಡಿನಿಂದ ಹೋದ ದುಡ್ಡನ್ನು ಬ್ಯಾಂಕ್ ವಾಪಸ್ ತರಿಸುವ ಚಾರ್ಜ್‌ಬ್ಯಾಕ್ ಎಂಬ ಏರ್ಪಾಡನ್ನು ನಿಮ್ಮ ಬ್ಯಾಂಕಿಗೆ ಕೇಳಿ ನೋಡಬಹುದು. ಬೇಗ ಕೇಳಿ. ಇದು ಹಕ್ಕಲ್ಲ, ಬ್ಯಾಂಕ್ ಒಪ್ಪಿದರೆ ಮಾತ್ರ. ಕ್ರೆಡಿಟ್ ಕಾರ್ಡಿನ ಕಾನೂನು ರಕ್ಷಣೆಯ ದಾರಿ ಇಲ್ಲ. 2020ರ ಏಪ್ರಿಲ್ 14ರಿಂದ ಗ್ರೇಟ್ ಬ್ರಿಟನ್‌ನಲ್ಲಿ ಕ್ರೆಡಿಟ್ ಕಾರ್ಡಿನಿಂದ ಜೂಜಿಗೆ ದುಡ್ಡು ಹಾಕುವುದನ್ನೇ ನಿಲ್ಲಿಸಿದ್ದಾರೆ.

ಕಮಿಷನ್‌ಗೆ ದೂರು ಕೊಡಿ, ಆದರೆ ಅದು ದುಡ್ಡು ಕೊಡಿಸುತ್ತದೆ ಎಂದು ಕಾಯಬೇಡಿ. ಲೈಸೆನ್ಸ್ ಷರತ್ತಿನ ಬಲ ಕಂಪನಿ ಬದುಕಿರುವಾಗ. ಬ್ರಿಟನ್‌ನ 2005ರ ಜೂಜು ಕಾಯ್ದೆಯ ಪ್ರಕಾರ ಕಂಪನಿ ಲಿಕ್ವಿಡೇಶನ್‌ಗೆ, ಅಂದರೆ ಆಸ್ತಿ ಮಾರಿ ಸಾಲ ಹಂಚಿ ಮುಚ್ಚುವ ಹಂತಕ್ಕೆ ಹೋದರೆ ಅದರ ಲೈಸೆನ್ಸೇ ಮುಗಿದುಹೋಗುತ್ತದೆ. ಆಮೇಲೆ ಉಳಿಯುವುದು ಟ್ರಸ್ಟ್ ಪತ್ರ ಮತ್ತು ದಿವಾಳಿ ಕಾನೂನು.

ಕರ್ನಾಟಕದಲ್ಲಿ ಇರುವವರಿಗೆ

ಇಲ್ಲಿ ಲೈಸೆನ್ಸ್, ಮೂರು ಮಟ್ಟ ಎನ್ನುವ ಮಾತೇ ಇಲ್ಲ. ಸಂಸತ್ತು 2025ರ ಆಗಸ್ಟ್‌ನಲ್ಲಿ ಆನ್‌ಲೈನ್ ಗೇಮಿಂಗ್ ಕಾಯ್ದೆ ಮಾಡಿ, ದುಡ್ಡು ಕಟ್ಟಿ ಆಡುವ ಆಟಗಳನ್ನು ನಿಷೇಧಿಸಿತು. ಅದನ್ನು ಪ್ರಶ್ನಿಸಿ ಮೊದಲು ಹೋದ ಅರ್ಜಿಗಳಲ್ಲಿ ಒಂದು ನಮ್ಮ ಹೈಕೋರ್ಟಿನಲ್ಲೇ ದಾಖಲಾಗಿತ್ತು. ಆಮೇಲೆ ಸುಪ್ರೀಂ ಕೋರ್ಟ್ ಎಲ್ಲವನ್ನೂ ತನ್ನ ಬಳಿಗೆ ತರಿಸಿಕೊಂಡಿತು. ಕಾಯ್ದೆ ಬಂದ ಕೂಡಲೇ ದೊಡ್ಡ ಕಂಪನಿಗಳು ದುಡ್ಡಿನ ಆಟ ನಿಲ್ಲಿಸಿ, ಬ್ಯಾಲೆನ್ಸ್ ತೆಗೆದುಕೊಳ್ಳಿ ಎಂದು ಹೇಳಿದವು. ಹಳೆಯ ಆ್ಯಪ್‌ನಲ್ಲಿ ನಿಮ್ಮ ದುಡ್ಡು ಇನ್ನೂ ಉಳಿದಿದ್ದರೆ ಇವತ್ತೇ ಕೆವೈಸಿ ಮುಗಿಸಿ ತೆಗೆಯಿರಿ. ಆದಾಯ ನಿಂತ ಕಂಪನಿ ಎಷ್ಟು ದಿನ ಇರುತ್ತದೆ ಎಂದು ಹೇಳಲಾಗದು. ಗೆದ್ದ ಭಾಗದ ಮೇಲೆ ನೂರಕ್ಕೆ 30ರಂತೆ ಟಿಡಿಎಸ್ ಹಿಡಿದರೆ ಅದು ಮೋಸವಲ್ಲ, 2023ರಿಂದ ಇರುವ ನಿಯಮ.

ಅಂಥ ಕಂಪನಿ ನಮ್ಮಲ್ಲಿ ದಿವಾಳಿಯಾದರೆ 2016ರ ದಿವಾಳಿ ಸಂಹಿತೆ ಅನ್ವಯಿಸುತ್ತದೆ. ಅದರ 36ನೇ ಕಲಂ ಕೂಡ ಅದೇ ಟ್ರಸ್ಟ್ ಗೆರೆ ಎಳೆಯುತ್ತದೆ. ಬೇರೆಯವರಿಗಾಗಿ ಟ್ರಸ್ಟ್‌ನಲ್ಲಿ ಇಟ್ಟ ಆಸ್ತಿ ಹಂಚುವ ರಾಶಿಗೆ ಸೇರುವುದಿಲ್ಲ ಎನ್ನುತ್ತದೆ. ಟ್ರಸ್ಟ್ ಇತ್ತು ಎಂದು ತೋರಿಸುವುದು ನಿಮ್ಮ ಕೆಲಸ, ಅದಕ್ಕೆ ಆ್ಯಪ್‌ನ ಹಳೆಯ ನಿಯಮಗಳ ಪ್ರತಿ ಬೇಕು. ದಿವಾಳಿ ಪ್ರಕ್ರಿಯೆ ಶುರುವಾದಾಗ ಹಕ್ಕುಸಾಧನೆಗೆ ಕರೆಯುವ ಪ್ರಕಟಣೆಯನ್ನು ಒಂದು ಇಂಗ್ಲಿಷ್ ಮತ್ತು ಒಂದು ಪ್ರಾದೇಶಿಕ ಭಾಷೆಯ ಪತ್ರಿಕೆಯಲ್ಲಿ ಕೊಡಬೇಕು. ನೋಂದಾಯಿತ ಕಚೇರಿ ಬೆಂಗಳೂರಿನಲ್ಲಿದ್ದರೆ ಅದು ಕನ್ನಡ ಪತ್ರಿಕೆಯಲ್ಲೂ ಕಾಣಬೇಕು. ಅದರಲ್ಲಿ ಕೊನೆಯ ದಿನಾಂಕವೂ, ಅರ್ಜಿ ಯಾರಿಗೆ ಕಳಿಸಬೇಕು ಎನ್ನುವುದೂ ಇರುತ್ತದೆ.

ಎಲ್ಲೋ ದೂರದ ದ್ವೀಪದ ಲೈಸೆನ್ಸ್ ತೋರಿಸಿ, ಟೆಲಿಗ್ರಾಂನಲ್ಲಿ ಐಡಿ ಕೊಟ್ಟು, ಯಾರದೋ ಯುಪಿಐ ಖಾತೆಗೆ ದುಡ್ಡು ಹಾಕಿಸಿಕೊಳ್ಳುವ ಸೈಟ್‌ಗಳು ಕಾಯ್ದೆ ಬಂದ ಮೇಲೂ ನಿಂತಿಲ್ಲ. ಅಲ್ಲಿ ಹಾಕಿದ ದುಡ್ಡು ಕಂಪನಿಯ ಖಾತೆಗೂ ಹೋಗುವುದಿಲ್ಲ, ಯಾರೋ ಬಾಡಿಗೆಗೆ ಕೊಟ್ಟ ಖಾತೆಗೆ ಹೋಗುತ್ತದೆ. ಅಂಥ ಕಡೆ ಮೇಲಿನ ಒಂದು ಹೆಜ್ಜೆಯೂ ಕೆಲಸಕ್ಕೆ ಬರುವುದಿಲ್ಲ. ಈಗಾಗಲೇ ಹಾಕಿ ಸಿಕ್ಕಿಕೊಂಡಿದ್ದರೆ ಯುಪಿಐ ವಹಿವಾಟಿನ ಸಂಖ್ಯೆ ಹಿಡಿದು 1930 ಸಹಾಯವಾಣಿಗೆ ಕೂಡಲೇ ಕರೆ ಮಾಡಿ. ಆ ಖಾತೆಯಲ್ಲಿ ದುಡ್ಡು ಇನ್ನೂ ಇದ್ದರೆ ಅದನ್ನು ತಡೆಹಿಡಿಯುವ ಅವಕಾಶ ಇರುವುದು ಮೊದಲ ಕೆಲವು ಗಂಟೆಗಳಲ್ಲಿ.